ಗಾಳಿಯಂತ್ರದ ಕಾಲಡಿಯ ಲೆಕ್ಕ

ಗದಗದಿಂದ ಕೊಪ್ಪಳದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಗಾಳಿಯಂತ್ರಗಳು ನಿಂತಿವೆ. ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಸಾಲಿನಲ್ಲಿ ಅವು ಎಷ್ಟೋ ವರ್ಷಗಳಿಂದ ಇವೆ. ಈಗ ಬಯಲು ಸೀಮೆಯ ಎರೆ ಹೊಲಗಳ ನಡುವೆಯೂ ಎದ್ದಿವೆ. ನೋಡಿದವರು ಕೇಳುವ ಮೊದಲ ಪ್ರಶ್ನೆ, ‘ಇಷ್ಟೆತ್ತರದ್ದು ಗಾಳಿಗೆ ಬೀಳೋದಿಲ್ವಾ?’ ಎಂದು. ಪ್ರಶ್ನೆ ಸಹಜವೇ. ಆದರೆ ತಳಪಾಯ ಲೆಕ್ಕ ಹಾಕುವ ಎಂಜಿನಿಯರ್‌ಗೆ ಯಂತ್ರ ಬೀಳದಂತೆ ನಿಲ್ಲಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅವರ ತಲೆ ತಿನ್ನುವುದು ಬೇರೆಯದೇ ಎರಡು ಸಂಗತಿ: ತಳಪಾಯದ ಅಂಚು ನೆಲದಿಂದ ಕೂದಲೆಳೆಯಷ್ಟು ಎದ್ದರೆ ಏನಾಗುತ್ತದೆ, ಮತ್ತು ಇಡೀ ಗೋಪುರ ನೆಲದ ಮೇಲೆ ಎಷ್ಟು ತೊನೆಯುತ್ತದೆ. ಈ ಎರಡರ ಹಿಂದಿನ ಲೆಕ್ಕವನ್ನು ಒಂದು ಉದಾಹರಣೆ ಇಟ್ಟುಕೊಂಡು ಬಿಡಿಸಿ ನೋಡೋಣ. ಯಾವುದೋ ಒಂದು ಕಂಪನಿಯ ಯಂತ್ರದ ಲೆಕ್ಕವಲ್ಲ ಇದು. ಈ ಗಾತ್ರದ ಯಂತ್ರಗಳಿಗೆ ಹೊಂದುವ ದುಂಡು ಸಂಖ್ಯೆಗಳನ್ನು ತೆಗೆದುಕೊಂಡಿದ್ದೇನೆ.

ನಮ್ಮ ಯಂತ್ರ 2.5 ಮೆಗಾವಾಟಿನದು. ರೆಕ್ಕೆಗಳ ನಡುವಿನ ಗುಂಬ, ಅಂದರೆ ಹಬ್, ನೆಲದಿಂದ 120 ಮೀಟರ್ ಮೇಲಿದೆ. ಮೇಲಿನ ಯಂತ್ರಭಾಗ ಮತ್ತು ರೆಕ್ಕೆಗಳು ಸೇರಿ 180 ಟನ್, ಉಕ್ಕಿನ ಗೋಪುರ 300 ಟನ್. ಒಟ್ಟು 480 ಟನ್. ಅದರ ಕೆಳಗೆ 20 ಮೀಟರ್ ಅಗಲದ ವೃತ್ತಾಕಾರದ ಕಾಂಕ್ರೀಟ್ ತಳಪಾಯ, 3 ಮೀಟರ್ ಎತ್ತರದ್ದು. ಅಂಚಿನಲ್ಲಿ ಅದರ ದಪ್ಪ 80 ಸೆಂಟಿಮೀಟರ್. ಅಲ್ಲಿಂದ ಇಳಿಜಾರಾಗಿ ಮೇಲೇರಿ ನಡುವೆ 6 ಮೀಟರ್ ಅಗಲದ ದಿಂಡಾಗುತ್ತದೆ. ಸೈಟಿನಲ್ಲಿ ಇದಕ್ಕೆ ಪೆಡೆಸ್ಟಲ್ ಎನ್ನುತ್ತಾರೆ. ಈ ದಿಂಡಿನ ತಲೆ ಮಾತ್ರ ಒಂದು ಗೇಣಿನಷ್ಟು ನೆಲದ ಮೇಲೆ ಕಾಣುತ್ತದೆ, ಉಳಿದದ್ದೆಲ್ಲ ಮಣ್ಣಿನೊಳಗೆ. ಸುಮಾರು 500 ಘನ ಮೀಟರ್ ಕಾಂಕ್ರೀಟ್, ಎಂದರೆ 1,250 ಟನ್. ಇಳಿಜಾರಿನ ಮೇಲೆ ವಾಪಸ್ ತುಂಬಿದ ಮಣ್ಣು ಸುಮಾರು 690 ಟನ್. ಎಲ್ಲ ಸೇರಿ 2,420 ಟನ್ ನೆಲದ ಮೇಲೆ ಕೂತಿದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಮಣ್ಣಿನ ಪಾಲು. ಗುರುತ್ವ ತಳಪಾಯ ಎಂಬ ಹೆಸರೇ ಹೇಳುವಂತೆ ಇದು ಬೇರು ಬಿಟ್ಟು ನಿಂತದ್ದಲ್ಲ, ಬಂಡೆಗೆ ಮೊಳೆ ಹೊಡೆದು ನಿಂತದ್ದೂ ಅಲ್ಲ. ಕೇವಲ ತನ್ನ ತೂಕದಿಂದ ನಿಂತಿದೆ. ಆ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಬರೀ ಮಣ್ಣು. ಗುಂಡಿ ತೋಡಿದಾಗ ಹೊರಬಂದ ಮಣ್ಣನ್ನು ಪದರ ಪದರವಾಗಿ ಹರಡಿ, ರೋಲರ್ ಹೊಡೆದು, ಸಾಂದ್ರತೆ ಅಳೆದು ತುಂಬುವುದು ಈ ಕಾರಣಕ್ಕೇ. ಅಲ್ಲಿ ತುಂಬುವ ಮಣ್ಣಿಗೆ ಕಾಂಕ್ರೀಟಿನಷ್ಟೇ ಕೆಲಸವಿದೆ.

ಇನ್ನು ಗಾಳಿಯ ಕಡೆ ಬರೋಣ. ಗಾಳಿ ರೆಕ್ಕೆಗಳ ಮೇಲೆ ಅಡ್ಡಕ್ಕೆ ನೂಕುತ್ತದೆ. ಬಿರುಗಾಳಿಯಲ್ಲೇ ಈ ನೂಕು ಅತಿ ಹೆಚ್ಚು ಎಂದು ಭಾವಿಸುವವರು ಬಹಳ. ಹಾಗೇನಿಲ್ಲ. ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುವ ವೇಗ, ಅಂದರೆ ಸೆಕೆಂಡಿಗೆ 10ರಿಂದ 12 ಮೀಟರ್ ಗಾಳಿ ಇದ್ದಾಗಲೇ ಸರಾಸರಿ ನೂಕು ಹೆಚ್ಚು. ಅದಕ್ಕಿಂತ ಜೋರಾದರೆ ಯಂತ್ರವೇ ರೆಕ್ಕೆಗಳನ್ನು ಹೊರಳಿಸಿ ಗಾಳಿಯನ್ನು ಜಾರಿಸಿಬಿಡುತ್ತದೆ. ಬಿರುಗಾಳಿ ಬಂದಾಗ ರೆಕ್ಕೆಗಳ ಅಂಚನ್ನು ಗಾಳಿಗೆ ಕೊಟ್ಟು ಸುಮ್ಮನೆ ನಿಲ್ಲುತ್ತದೆ. ಹಾಗಾಗಿ ತಳಪಾಯಕ್ಕೆ ಅತಿ ದೊಡ್ಡ ಹೊಡೆತ ಎಷ್ಟೋ ಸಲ ಬರುವುದು, ಯಂತ್ರ ಓಡುತ್ತಿರುವಾಗಲೇ ಅಪ್ಪಳಿಸುವ ಏಕಾಏಕಿ ಬೀಸಿನಿಂದ ಅಥವಾ ಏನೋ ದೋಷವಾಗಿ ಗಕ್ಕನೆ ನಿಲ್ಲುವ ಹೊತ್ತಿನಲ್ಲಿ.

ನಮ್ಮ ಉದಾಹರಣೆಯಲ್ಲಿ ಒಳ್ಳೆಯ ಗಾಳಿಯ ದಿನದ ನೂಕು 45 ಟನ್ ಎನ್ನೋಣ, ಯಂತ್ರದ ಆಯುಷ್ಯದಲ್ಲೇ ಅತಿ ದೊಡ್ಡ ನೂಕು 75 ಟನ್. ಸಂಖ್ಯೆ ದೊಡ್ಡದೇನಲ್ಲ. ಆದರೆ ಆ 75 ಟನ್ ಕೆಲಸ ಮಾಡುವುದು ತಳಪಾಯದ ಅಡಿಯಿಂದ 123 ಮೀಟರ್ ಮೇಲೆ. ಬಲವನ್ನು ದೂರದಿಂದ ಗುಣಿಸಿದರೆ ಉರುಳಿಸುವ ಮೊಮೆಂಟ್ ಸಿಗುತ್ತದೆ: 9,225 ಟನ್-ಮೀಟರ್. ದಿನನಿತ್ಯದ ಗಾಳಿಗೆ ಇದು ಸುಮಾರು 5,500.

ಈಗ ಮೊದಲ ಪ್ರಶ್ನೆಗೆ ಉತ್ತರ. ತಳಪಾಯ ಮಗುಚಬೇಕಾದರೆ ಅದು ಒಂದು ಅಂಚಿನ ಮೇಲೆ ತಿರುಗಬೇಕು. ನಡುವಿನಿಂದ ಅಂಚಿಗೆ 10 ಮೀಟರ್. 2,420 ಟನ್ ತೂಕ 10 ಮೀಟರ್ ದೂರದಲ್ಲಿ ಕೂತು ಎದುರಿಸುವ ಶಕ್ತಿ 24,200 ಟನ್-ಮೀಟರ್. ಅತಿ ದೊಡ್ಡ ಹೊಡೆತದ ಎರಡೂವರೆ ಪಟ್ಟಿಗೂ ಹೆಚ್ಚು. ಕೂತ ನೆಲ ಕುಸಿಯದಿದ್ದರೆ ಬೀಳುವ ಮಾತೇ ಇಲ್ಲ. ಹಾಗಿದ್ದರೆ ತಳಪಾಯವನ್ನು ಇನ್ನಷ್ಟು ಸಣ್ಣದು ಮಾಡಿ ಖರ್ಚು ಉಳಿಸಬಹುದಲ್ಲವೇ ಎಂದು ಲೆಕ್ಕಪತ್ರದವರು ಕೇಳುತ್ತಾರೆ. ಅಲ್ಲೇ ಎರಡನೆಯ ಲೆಕ್ಕ ಅಡ್ಡ ಬರುತ್ತದೆ.

ಗಾಳಿ ಇಲ್ಲದಾಗ 2,420 ಟನ್ ತೂಕ ತಳಪಾಯದ ನಟ್ಟನಡುವೆ ಬೀಳುತ್ತದೆ, ನೆಲದ ಮೇಲಿನ ಒತ್ತಡ ಎಲ್ಲ ಕಡೆ ಸಮ: ಪ್ರತಿ ಚದರ ಮೀಟರಿಗೆ 7.7 ಟನ್. ಸಾಧಾರಣ ಗಟ್ಟಿ ನೆಲವೂ ನಿರಾಯಾಸವಾಗಿ ಹೊರುವಷ್ಟು ಕಡಿಮೆ. ಗಾಳಿ ನೂಕಿದಾಗ ತೂಕದ ಕೇಂದ್ರ ಗಾಳಿ ಹೋಗುವ ಕಡೆಗೆ ಸರಿದಂತಾಗುತ್ತದೆ. ಎಷ್ಟು ಸರಿಯುತ್ತದೆ ಎಂದು ತಿಳಿಯಲು ಮೊಮೆಂಟನ್ನು ತೂಕದಿಂದ ಭಾಗಿಸಿದರೆ ಸಾಕು. ದಿನನಿತ್ಯದ ಗಾಳಿಗೆ 5,500 ಭಾಗಿಸು 2,420, ಅಂದರೆ 2.27 ಮೀಟರ್. ಅತಿ ದೊಡ್ಡ ಹೊಡೆತಕ್ಕೆ 3.81 ಮೀಟರ್. ವೃತ್ತಾಕಾರದ ತಳಪಾಯಕ್ಕೆ ಒಂದು ಸರಳ ನಿಯಮವಿದೆ: ಈ ಸರಿತ ತ್ರಿಜ್ಯದ ಕಾಲು ಭಾಗದೊಳಗೆ ಇರುವವರೆಗೆ ಇಡೀ ತಳ ನೆಲಕ್ಕೆ ಒತ್ತಿಕೊಂಡೇ ಇರುತ್ತದೆ. ನಮ್ಮ ತಳಪಾಯಕ್ಕೆ ಆ ಗಡಿ 2.5 ಮೀಟರ್. ಅದನ್ನು ದಾಟಿದ ಕೂಡಲೇ ಗಾಳಿ ಬರುವ ಕಡೆಯ ಅಂಚಿನಲ್ಲಿ ಒತ್ತಡ ಸೊನ್ನೆಯಾಗಿ, ಕಾಂಕ್ರೀಟಿಗೂ ನೆಲಕ್ಕೂ ನಡುವೆ ಸಣ್ಣ ಸಂದು ಬಿಡುತ್ತದೆ. ಸರಿತ ತ್ರಿಜ್ಯದ ಶೇ 59ಕ್ಕೆ, ಅಂದರೆ 5.9 ಮೀಟರಿಗೆ ಮುಟ್ಟಿದಾಗ ತಳದ ಅರ್ಧ ಭಾಗ ಗಾಳಿಯಲ್ಲಿರುತ್ತದೆ.

ಈ ಎರಡು ಗಡಿಗಳೇ ಇಡೀ ವಿನ್ಯಾಸವನ್ನು ಆಳುವಂಥವು. 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-6 ಗೋಪುರ ಮತ್ತು ತಳಪಾಯಗಳಿಗೆಂದೇ ಬರೆದದ್ದು. ಅದರ ಪ್ರಕಾರ, ಒಟ್ಟು ಸಮಯದ ಶೇ 1ರಷ್ಟು, ಎಂದರೆ ವರ್ಷಕ್ಕೆ ಸುಮಾರು 87 ಗಂಟೆ ಮಾತ್ರ ಮೀರುವಂಥ ಹೊರೆಗೆ ಸಂದು ಬಿಡಲೇಕೂಡದು. ಆಯುಷ್ಯದ ಅತಿ ದೊಡ್ಡ ಹೊರೆ ಬಂದಾಗ ಸಂದು ಬಿಡಬಹುದು, ಆದರೆ ಅರ್ಧ ತಳವಾದರೂ ನೆಲಕ್ಕೆ ಅಂಟಿರಬೇಕು. ನಮ್ಮ 5,500 ಮೊದಲ ಬಗೆಯ ಹೊರೆ, 9,225 ಎರಡನೆಯದು. ಒಂದಕ್ಕೆ ಸರಿತ 2.27, ಗಡಿ 2.5. ಇನ್ನೊಂದಕ್ಕೆ 3.81, ಗಡಿ 5.9. ಎರಡೂ ಪಾಸಾಯಿತು. ಆದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ನೋಡಿ: ವರ್ಷಗಳಿಗೊಮ್ಮೆ ಬರುವ ಹೊಡೆತಕ್ಕೆ ಧಾರಾಳ ಜಾಗವಿದೆ. ವಾರವಾರವೂ ಬೀಸುವ ಗಾಳಿಗೆ ಉಳಿದಿರುವುದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

ಸಂದು ಬಿಟ್ಟರೆ ಏನು ಮಹಾ, ಗಾಳಿ ನಿಂತ ಮೇಲೆ ಮತ್ತೆ ಮುಚ್ಚಿಕೊಳ್ಳುವುದಿಲ್ಲವೇ? ಮುಚ್ಚಿಕೊಳ್ಳುತ್ತದೆ. ತೊಂದರೆ ಇರುವುದು ಮುಚ್ಚಿ ತೆರೆಯುವ ಎಣಿಕೆಯಲ್ಲಿ. ರೆಕ್ಕೆಗಳು ನಿಮಿಷಕ್ಕೆ 12 ಸುತ್ತು ತಿರುಗಿದರೆ ವರ್ಷಕ್ಕೆ 63 ಲಕ್ಷ ಸುತ್ತು, 20 ವರ್ಷಕ್ಕೆ ಹನ್ನೆರಡು ಕೋಟಿ ದಾಟುತ್ತದೆ. ಗಾಳಿ ಇಲ್ಲದ ದಿನಗಳನ್ನು ಕಳೆದರೂ ಕೋಟಿಗಳ ಲೆಕ್ಕವೇ. ಒಂದೊಂದು ಸುತ್ತಿಗೆ ಮೂರು ರೆಕ್ಕೆ ಗೋಪುರದ ಮುಂದೆ ಹಾಯುತ್ತವೆ, ಪ್ರತಿ ಹಾಯುವಿಕೆಗೂ ಒಂದು ಸಣ್ಣ ತಟ್ಟು. ದನ ಕಟ್ಟಿದ ಗೂಟವನ್ನು ಕೀಳುವಾಗ ಯಾರೂ ಒಂದೇ ಸಲ ಮೇಲಕ್ಕೆ ಎಳೆಯುವುದಿಲ್ಲ, ಅತ್ತಿತ್ತ ಅಲುಗಿಸಿ ಸಡಿಲ ಮಾಡಿಕೊಳ್ಳುತ್ತಾರೆ. ನೆಲಕ್ಕೂ ತಳಪಾಯಕ್ಕೂ ನಡೆಯುವುದು ಅದೇ. ಸಂದಿನಲ್ಲಿ ನೀರಿದ್ದರೆ ಇನ್ನೂ ಕೆಟ್ಟದ್ದು. ಅಂಚು ಎದ್ದಾಗ ನೀರು ಒಳಗೆ ಎಳೆದುಕೊಳ್ಳುತ್ತದೆ, ಕೂತಾಗ ರಭಸದಿಂದ ಹೊರಕ್ಕೆ ಚಿಮ್ಮುತ್ತದೆ, ಹೋಗುವಾಗ ನುಣ್ಣನೆಯ ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಅಂಚಿನ ಕೆಳಗಿನ ನೆಲ ಟೊಳ್ಳಾದಷ್ಟೂ ಅಂಚು ಇನ್ನಷ್ಟು ಸುಲಭವಾಗಿ ಏಳುತ್ತದೆ.

ನೀರಿನಿಂದ ಇನ್ನೊಂದು ಪೆಟ್ಟೂ ಇದೆ, ಇದನ್ನು ನಮ್ಮ ಸಂಖ್ಯೆಗಳಿಗೇ ಹಾಕಿ ನೋಡಬಹುದು. ಮಳೆಗಾಲದಲ್ಲಿ ಗುಂಡಿಯ ಸುತ್ತ ನೀರು ನಿಂತು ನೆಲದ ಮಟ್ಟಕ್ಕೆ ಬಂತು ಎಂದುಕೊಳ್ಳಿ. 20 ಮೀಟರ್ ಅಗಲ, 2.8 ಮೀಟರ್ ಆಳದ ಈ ಗಟ್ಟಿ 880 ಘನ ಮೀಟರ್ ನೀರನ್ನು ಪಕ್ಕಕ್ಕೆ ಸರಿಸಿದೆ. ಹಾಗಾಗಿ ನೀರು ಅದನ್ನು ಕೆಳಗಿನಿಂದ 880 ಟನ್ ಬಲದಿಂದ ಎತ್ತುತ್ತದೆ. ತುಂಬಿದ ಮಣ್ಣು ನೀರು ಕುಡಿದು 80 ಟನ್ ಭಾರವಾದದ್ದನ್ನು ಲೆಕ್ಕಕ್ಕೆ ತಂದರೂ, ನೆಲದ ಮೇಲೆ ಒತ್ತುವ ತೂಕ 1,620 ಟನ್ನಿಗೆ ಇಳಿಯುತ್ತದೆ. ಅತಿ ದೊಡ್ಡ ಹೊಡೆತಕ್ಕೆ ಸರಿತ ಈಗ 5.7 ಮೀಟರ್, ಗಡಿ 5.9. ಹೇಗೋ ಪಾಸು. ದಿನನಿತ್ಯದ ಗಾಳಿಗೆ ಸರಿತ 3.4 ಮೀಟರ್, ಗಡಿ 2.5. ಫೇಲು, ಅದೂ ದೊಡ್ಡ ಅಂತರದಲ್ಲಿ. ಮಗುಚುವ ಲೆಕ್ಕ ಮಾತ್ರ ಆಗಲೂ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಸುರಕ್ಷಿತವಾಗಿಯೇ ಕಾಣುತ್ತದೆ. ‘ಬೀಳುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿದವನಿಗೆ ಈ ದೋಷ ಕಾಣುವುದೇ ಇಲ್ಲ. ನಮ್ಮಲ್ಲಿ ಗಾಳಿಯ ಹಂಗಾಮೂ ಮುಂಗಾರಿನ ಹಂಗಾಮೂ ಒಂದೇ. ಯಂತ್ರ ಅತಿ ಹೆಚ್ಚು ದುಡಿಯುವ ತಿಂಗಳುಗಳಲ್ಲೇ ನೆಲ ಅತಿ ಹೆಚ್ಚು ನೀರು ಕುಡಿದಿರುತ್ತದೆ. ನೀರು ಎಲ್ಲಿಯವರೆಗೆ ಏರಬಹುದು ಎಂದು ಬೇಸಿಗೆಯಲ್ಲಿ ಕೊರೆದ ಬೋರ್‌ಹೋಲ್ ನೋಡಿ ನಿರ್ಧರಿಸುವುದು ಹಾಗಾಗಿ ಅಪಾಯ. ಒಂದೋ ತಳಪಾಯವನ್ನು ಅಗಲ ಮಾಡಬೇಕು, ಇಲ್ಲವೇ ನೀರು ನಿಲ್ಲದಂತೆ ಸುತ್ತ ಕಾಲುವೆ ತೆಗೆದು ಅದನ್ನು ಇಪ್ಪತ್ತು ವರ್ಷ ಕಾಪಾಡುವ ಹೊಣೆ ಹೊರಬೇಕು. ನನ್ನನ್ನು ಕೇಳಿದರೆ ಮೊದಲನೆಯದೇ ಮೇಲು. ಕಾಂಕ್ರೀಟ್ ಹೂಳು ತುಂಬಿಕೊಳ್ಳುವುದಿಲ್ಲ, ಕಾಲುವೆ ತುಂಬಿಕೊಳ್ಳುತ್ತದೆ.

ಇನ್ನು ತೊನೆಯುವ ವಿಚಾರ. ಯಂತ್ರ ತಯಾರಿಸುವ ಕಂಪನಿ ತಳಪಾಯದವರಿಗೆ ಕೊಡುವ ಕಾಗದದಲ್ಲಿ ಹೊರೆಗಳ ಪಟ್ಟಿಯ ಜೊತೆ ಒಂದು ಸಾಲು ಇರುತ್ತದೆ: ತಳಪಾಯ ಮತ್ತು ನೆಲ ಸೇರಿ ತಿರುಗುವಿಕೆಗೆ ಒಡ್ಡುವ ಬಿಗಿತ ಇಷ್ಟಕ್ಕಿಂತ ಕಡಿಮೆ ಇರಕೂಡದು ಎಂದು. ನಮ್ಮ ಉದಾಹರಣೆಗೆ ಅದು ರೇಡಿಯನ್ನಿಗೆ 60 ಲಕ್ಷ ಟನ್-ಮೀಟರ್ ಎನ್ನೋಣ. ದಿನನಿತ್ಯದ 5,500 ಟನ್-ಮೀಟರ್ ಮೊಮೆಂಟಿಗೆ ಇಷ್ಟು ಬಿಗಿತದ ತಳಪಾಯ ಮೀಟರಿಗೆ 0.9 ಮಿಲಿಮೀಟರ್ ವಾಲುತ್ತದೆ. ತಳಪಾಯದ ಒಂದು ಅಂಚಿಗೂ ಇನ್ನೊಂದಕ್ಕೂ 18 ಮಿಲಿಮೀಟರ್ ವ್ಯತ್ಯಾಸ, ಮೇಲೆ ಹಬ್‌ನಲ್ಲಿ 11 ಸೆಂಟಿಮೀಟರ್. ಇದು ಬಂದು ಹೋಗುವ ವಾಲು. ಶಾಶ್ವತವಾಗಿ ಉಳಿಯುವ ವಾಲಿಗೆ ಸಾಮಾನ್ಯವಾಗಿ ಇಡುವ ಮಿತಿ ಮೀಟರಿಗೆ 3 ಮಿಲಿಮೀಟರ್.

ಹನ್ನೊಂದು ಸೆಂಟಿಮೀಟರ್ ವಾಲಿದರೆ ವಿದ್ಯುತ್ ಉತ್ಪಾದನೆಗೆ ಯಾವ ತೊಂದರೆಯೂ ಇಲ್ಲ. ಬಿಗಿತ ಬೇಕಾಗಿರುವುದು ಕಂಪನದ ಕಾರಣಕ್ಕೆ. ಎತ್ತರದ ಗೋಪುರಕ್ಕೆ ತನ್ನದೇ ಸಹಜ ತೊನೆತದ ಲಯವಿದೆ. ನಮ್ಮ ಗೋಪುರ ಅಲುಗದ ಬಂಡೆಯ ಮೇಲೆ ನಿಂತಿದ್ದರೆ ಸೆಕೆಂಡಿಗೆ 0.28 ಸಲ ತೊನೆಯುತ್ತಿತ್ತು ಎನ್ನೋಣ, ಅಂದರೆ 0.28 ಹರ್ಟ್ಸ್. ರೆಕ್ಕೆಗಳು ನಿಮಿಷಕ್ಕೆ 12 ಸುತ್ತು ತಿರುಗುವಾಗ ಅವುಗಳ ಲಯ 0.20 ಹರ್ಟ್ಸ್. ಒಂದು ರೆಕ್ಕೆ ಎಳ್ಳಷ್ಟು ಭಾರವಾಗಿದ್ದರೂ ಗೋಪುರವನ್ನು ಈ ಲಯದಲ್ಲಿ ನೂಕುತ್ತಿರುತ್ತದೆ. ಮೂರು ರೆಕ್ಕೆಗಳು ಗೋಪುರದ ಮುಂದೆ ಹಾಯುವ ಲಯ ಅದರ ಮೂರು ಪಟ್ಟು. ಪೂರ್ಣ ವೇಗದಲ್ಲಿ 0.60, ಯಂತ್ರ ನಿಧಾನವಾಗಿ ಏಳು ಸುತ್ತು ತಿರುಗುವಾಗ 0.35. ಗೋಪುರದ ಸಹಜ ಲಯ 0.20 ಮತ್ತು 0.35ರ ನಡುವಿನ ಓಣಿಯಲ್ಲಿ ಇರಬೇಕು. ಯಾವ ಕಡೆಯ ಗೋಡೆ ತಾಗಿದರೂ ಅನುರಣನೆ, ತೊನೆತ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತಾ ಹೋಗುತ್ತದೆ.

ನೆಲ ಮೆತ್ತಗಾದಷ್ಟೂ ಗೋಪುರದ ಲಯ ನಿಧಾನವಾಗುತ್ತದೆ. ನಮ್ಮ ಯಂತ್ರಕ್ಕೆ ಸರಳ ಲೆಕ್ಕ ಹಾಕಿದರೆ, ಬಿಗಿತ 60 ಲಕ್ಷ ಇದ್ದಾಗ ಲಯ 0.28ರಿಂದ 0.26ರ ಹತ್ತಿರಕ್ಕೆ ಇಳಿಯುತ್ತದೆ, ಪರವಾಗಿಲ್ಲ. 30 ಲಕ್ಷಕ್ಕೆ ಇಳಿದರೆ 0.24. 15 ಲಕ್ಷವಾದರೆ 0.21, ರೆಕ್ಕೆಗಳ ಲಯದ ಬಾಗಿಲಿಗೇ ಬಂದು ನಿಂತಂತೆ. ಗೋಪುರದ ಉಕ್ಕಿನ ಬೆಸುಗೆಗಳ ಆಯುಷ್ಯ ಅಲ್ಲಿಂದ ವೇಗವಾಗಿ ಸವೆಯತೊಡಗುತ್ತದೆ. ಗೋಪುರ ಮಾಡಿದವರ ಲೆಕ್ಕದಲ್ಲಿ ತಪ್ಪಿಲ್ಲ, ಉಕ್ಕಿನಲ್ಲೂ ದೋಷವಿಲ್ಲ, ಆದರೂ ಬೆಸುಗೆಯಲ್ಲಿ ಬಿರುಕು ಬರಬಹುದು. ಕಾರಣ ನೂರಿಪ್ಪತ್ತು ಮೀಟರ್ ಕೆಳಗಿನ ಮಣ್ಣಿನಲ್ಲಿರುತ್ತದೆ.

ಈ ಬಿಗಿತ ಎಲ್ಲಿಂದ ಬರುತ್ತದೆ? ವೃತ್ತಾಕಾರದ ಗಟ್ಟಿ ತಳಪಾಯಕ್ಕೆ ಅದು ಎರಡನ್ನು ಅವಲಂಬಿಸುತ್ತದೆ: ಮಣ್ಣಿನ ಜಾರು-ಬಿಗಿತ ಮತ್ತು ತ್ರಿಜ್ಯದ ಘನ. ತ್ರಿಜ್ಯವನ್ನು 10ರಿಂದ 11 ಮೀಟರ್ ಮಾಡಿದರೆ ತಳದ ವಿಸ್ತೀರ್ಣ ಶೇ 21 ಹೆಚ್ಚುತ್ತದೆ, ಬಿಗಿತ ಶೇ 33. ಮಣ್ಣಿನ ಪಾಲು ತಿಳಿಯಲು ಸೈಟಿನಲ್ಲಿ ಮಾಡುವ ಪರೀಕ್ಷೆ ನೋಡಲು ತಮಾಷೆಯಾಗಿದೆ. ನೆಲದ ಮೇಲೆ ಸಾಲಾಗಿ ಪುಟ್ಟ ಕಂಪನಮಾಪಕಗಳನ್ನು ಚುಚ್ಚಿಡುತ್ತಾರೆ. ಒಂದು ತುದಿಯಲ್ಲಿ ಕಬ್ಬಿಣದ ಹಲಗೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಆ ಹೊಡೆತದ ಅಲೆ ಒಂದೊಂದು ಮಾಪಕವನ್ನು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದರಿಂದ ಮಣ್ಣಿನೊಳಗಿನ ಜಾರು ಅಲೆಯ ವೇಗ ಸಿಗುತ್ತದೆ. ವೇಗ ಎರಡು ಪಟ್ಟಾದರೆ ಬಿಗಿತ ನಾಲ್ಕು ಪಟ್ಟು. ಶಿಥಿಲಗೊಂಡ ಕಲ್ಲು ಅಥವಾ ಗಟ್ಟಿ ಮೊರಂನಲ್ಲಿ ಈ ವೇಗ ಸೆಕೆಂಡಿಗೆ 250 ಮೀಟರ್ ಇದ್ದರೆ ನಮ್ಮ ತಳಪಾಯದ ಬಿಗಿತ 480 ಲಕ್ಷ ದಾಟುತ್ತದೆ. ಗಟ್ಟಿ ಜೇಡಿಯಲ್ಲಿ 150 ಮೀಟರ್ ಇದ್ದರೆ 175 ಲಕ್ಷ.

ಎರಡೂ 60 ಲಕ್ಷಕ್ಕಿಂತ ಎಷ್ಟೋ ಹೆಚ್ಚು ಎಂದು ಇಲ್ಲಿಗೇ ಕೈ ತೊಳೆದುಕೊಳ್ಳುವವರಿದ್ದಾರೆ. ಸುತ್ತಿಗೆ ಏಟಿನ ಅಲೆ ಮಣ್ಣನ್ನು ಅಲುಗಿಸುವುದು ತೀರಾ ಸೂಕ್ಷ್ಮವಾಗಿ. ಅಷ್ಟು ಸಣ್ಣ ಅಲುಗಾಟಕ್ಕೆ ಮಣ್ಣು ಬಹಳ ಬಿಗಿಯಾಗಿ ವರ್ತಿಸುತ್ತದೆ. ಯಂತ್ರ ಓಡುವಾಗ ಅಂಚಿನ ಕೆಳಗಿನ ಮಣ್ಣು ಅನುಭವಿಸುವ ವಿಕಾರ ಅದಕ್ಕಿಂತ ಬಹಳ ದೊಡ್ಡದು, ಆಗ ಅದೇ ಮಣ್ಣಿನ ಬಿಗಿತ ಮೂರನೇ ಒಂದು ಭಾಗಕ್ಕೆ ಇಳಿಯುವುದು ಸಾಮಾನ್ಯ. 480 ಲಕ್ಷ ಆಗ 160 ಲಕ್ಷವಾಗುತ್ತದೆ, ಚಿಂತೆಯಿಲ್ಲ. ಜೇಡಿಯ 175 ಲಕ್ಷ 58ಕ್ಕೆ ಇಳಿಯುತ್ತದೆ. ಬೇಕಾದದ್ದು 60. ಇದರ ಮೇಲೆ ಅಂಚಿನಲ್ಲಿ ಸಂದು ಬಿಟ್ಟರೆ ತಳಪಾಯದ ಕೆಲಸ ಮಾಡುವ ಅಗಲವೇ ಕಡಿಮೆಯಾಗಿ, ಘನದ ಲೆಕ್ಕದಲ್ಲಿ ಬಿಗಿತ ಇನ್ನೂ ಕುಸಿಯುತ್ತದೆ. ಸಂದು ಮತ್ತು ಬಿಗಿತ ಬೇರೆ ಬೇರೆ ಷರತ್ತುಗಳಂತೆ ಕಾಗದದಲ್ಲಿ ಕಂಡರೂ ನೆಲದೊಳಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡಿದೆ.

ನಮ್ಮ ಎರೆ ಭೂಮಿಯಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಎರೆ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುವುದು ರೈತರಿಗೆ ಗೊತ್ತೇ ಇದೆ. ಈ ಉಬ್ಬರವಿಳಿತ ಮೂರು, ಮೂರೂವರೆ ಮೀಟರ್ ಆಳದವರೆಗೂ ಇರುತ್ತದೆ ಎಂದು ಹಿಡಿಯುವುದು ರೂಢಿ. ನಮ್ಮ ತಳಪಾಯದ ತಳವೂ ಸುಮಾರು ಅಷ್ಟೇ ಆಳದಲ್ಲಿದೆ. ಹಾಗಾಗಿ ಎರೆಯ ಮೇಲೆ ನೇರವಾಗಿ ಕೂರಿಸುವುದಿಲ್ಲ. ಕೆಳಗೆ ಮೊರಂ ಅಥವಾ ಶಿಥಿಲ ಬಂಡೆ ಸಿಗುವವರೆಗೆ ತೆಗೆದು, ಒಳ್ಳೆಯ ಮೊರಂ ತುಂಬಿ ದಮ್ಮಸ್ಸು ಮಾಡಿ, ಅದರ ಮೇಲೆ ಬೆಡ್ ಕಾಂಕ್ರೀಟ್ ಹಾಕುತ್ತಾರೆ. ತೀರಾ ಆಳದವರೆಗೆ ಎರೆಯೇ ಇದ್ದರೆ ಗುರುತ್ವ ತಳಪಾಯದ ಆಸೆ ಬಿಟ್ಟು ಪೈಲ್ ಹಾಕುವುದೇ ಸರಿ. ಇಲ್ಲಿ ನಡೆಯುವ ಒಂದು ಚೌಕಾಸಿ ಇದೆ: ಒಂದೂವರೆ ಮೀಟರ್ ಮಣ್ಣು ಬದಲಾಯಿಸಿ, ಮೇಲೆ ಸಣ್ಣ ತಟ್ಟೆ ಇಟ್ಟು ಭಾರ ಹೇರಿ ಪರೀಕ್ಷೆ ಮಾಡಿ, ‘ನೋಡಿ, ಎಷ್ಟು ಗಟ್ಟಿ’ ಎಂದು ವರದಿ ಕೊಡುವುದು. ಅರ್ಧ ಮೀಟರ್ ಅಗಲದ ತಟ್ಟೆಯ ಒತ್ತಡ ಒಂದು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕರಗಿಬಿಡುತ್ತದೆ. ಅದು ಹೇಳುವುದು ಹೊಸದಾಗಿ ತುಂಬಿದ ಮೊರಂನ ಕಥೆ ಮಾತ್ರ. 20 ಮೀಟರ್ ಅಗಲದ ತಳಪಾಯ ತನ್ನ ಕೆಳಗಿನ ಹತ್ತಿಪ್ಪತ್ತು ಮೀಟರ್ ಮಣ್ಣನ್ನೂ ಮುಟ್ಟಿ ಮಾತಾಡಿಸುತ್ತದೆ. ಅಷ್ಟು ಆಳದ ಬೋರ್‌ಹೋಲ್ ಇಲ್ಲದ ವರದಿಯನ್ನು ಒಪ್ಪಿಕೊಳ್ಳಬಾರದು.

ನೆಲದ ಮಾತಾಯಿತು, ಕಾಂಕ್ರೀಟಿಗೂ ಇದೇ ಅಲುಗಾಟದ ಕಾಟವಿದೆ. ಗೋಪುರದಿಂದ ಇಳಿದು ಬರುವ ಮೊಮೆಂಟ್ ಕಾಂಕ್ರೀಟಿಗೆ ದಾಟುವ ಜಾಗವೇ ಅತಿ ಸೂಕ್ಷ್ಮ. ಹಳೆಯ ಯಂತ್ರಗಳಲ್ಲಿ ಗೋಪುರದ ಅಗಲದ್ದೇ ಒಂದು ಉಕ್ಕಿನ ಬಳೆಯನ್ನು ಕಾಂಕ್ರೀಟಿನೊಳಗೆ ಹೂತು, ಮೇಲೆ ಗೋಪುರ ಬೋಲ್ಟ್ ಮಾಡುತ್ತಿದ್ದರು. ಬಳೆಯ ಕೆಳ ಅಂಚಿನ ಚಾಚು ಕಾಂಕ್ರೀಟನ್ನು ಹಿಡಿದುಕೊಳ್ಳುತ್ತಿತ್ತು. ಸ್ವೀಡನ್, ಬ್ರಿಟನ್‌ಗಳಲ್ಲಿ ಇಂಥ ತಳಪಾಯಗಳು ಕೆಲ ವರ್ಷಗಳಲ್ಲೇ ತೊಂದರೆ ಕೊಟ್ಟವು. ನುಣುಪು ಉಕ್ಕಿಗೂ ಕಾಂಕ್ರೀಟಿಗೂ ಅಂಟು ಬಿಟ್ಟು, ಬಳೆ ಗಾಳಿಯ ಲಯಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡತೊಡಗಿತು. ಸಂದಿನಿಂದ ಮಳೆನೀರು ಇಳಿದು ಚಾಚಿನ ಸುತ್ತಲಿನ ಕಾಂಕ್ರೀಟನ್ನು ಅರೆದು ಕೆಸರು ಮಾಡಿತು. ಗೋಪುರದ ಬುಡದಲ್ಲಿ ಬೂದುಬಣ್ಣದ ಸಿಮೆಂಟ್ ರಾಡಿ ಉಕ್ಕಿ ಒಣಗಿರುವುದೇ ಈ ರೋಗದ ಮೊದಲ ಗುರುತು.

ಈಗ ಬಳೆಯ ಬದಲು ಉದ್ದ ಬೋಲ್ಟುಗಳ ಪಂಜರ ಇಡುತ್ತಾರೆ. ಎರಡು ಸುತ್ತಿನಲ್ಲಿ ನೂರಕ್ಕೂ ಹೆಚ್ಚು ಬೋಲ್ಟುಗಳು, ಕೆಳಗೆ ಕಾಂಕ್ರೀಟಿನೊಳಗೆ ಹೂತ ಉಕ್ಕಿನ ತಟ್ಟೆಗೆ ಬಿಗಿದು, ಮೇಲೆ ಗೋಪುರದ ಚಾಚಿಗೆ ಬಂದಿರುತ್ತವೆ. ಬೋಲ್ಟಿಗೆ ಕೊಳವೆ ತೊಡಿಸಿರುವುದರಿಂದ ಕಾಂಕ್ರೀಟ್ ಅದಕ್ಕೆ ಅಂಟುವುದಿಲ್ಲ. ಗೋಪುರ ಕೂತ ಮೇಲೆ ಹೈಡ್ರಾಲಿಕ್ ಜಾಕ್‌ನಿಂದ ಒಂದೊಂದನ್ನೂ ಎಳೆದು ಬಿಗಿಯುತ್ತಾರೆ. ನಡುವಿನ ಕಾಂಕ್ರೀಟ್ ಯಾವಾಗಲೂ ಒತ್ತಡದಲ್ಲೇ ಇರುತ್ತದೆ. ಗಾಳಿ ಬಂದಾಗ ಆ ಒತ್ತಡ ಹೆಚ್ಚು ಕಡಿಮೆ ಆಗುತ್ತದೆಯೇ ಹೊರತು ಸೊನ್ನೆಗೆ ಇಳಿಯುವುದಿಲ್ಲ, ಬೋಲ್ಟಿನ ಎಳೆತದಲ್ಲೂ ಏರಿಳಿತ ಸ್ವಲ್ಪವೇ. ಎಳೆತ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಏರಿಳಿಯುತ್ತದೆ ಎಂಬುದೇ ಉಕ್ಕಿನ ದಣಿವನ್ನು ನಿರ್ಧರಿಸುವುದರಿಂದ ಈ ಉಪಾಯ ಫಲಿಸಿತು. ಆದರೆ ಬಿಗಿತ ಸಡಿಲಾದರೆ ಎಲ್ಲ ಲಾಭವೂ ಹೋಯಿತು. ಕಾಲಕಾಲಕ್ಕೆ ಬೋಲ್ಟುಗಳನ್ನು ಪರೀಕ್ಷಿಸಿ ಮತ್ತೆ ಬಿಗಿಯುವ ಕೆಲಸವನ್ನು ಮುಂದೂಡಲಾಗದು.

ಕಾಂಕ್ರೀಟ್ ಹಾಕುವ ದಿನದ ಬಗ್ಗೆ ಒಂದೇ ಮಾತು. 500 ಘನ ಮೀಟರ್ ಎಂದರೆ 6 ಘನ ಮೀಟರಿನ 84 ಲಾರಿ ಲೋಡು. ಎಲ್ಲವೂ ನಿಲ್ಲದೆ ಒಂದೇ ಓಟದಲ್ಲಿ ಬೀಳಬೇಕು. ನಡುವೆ ಪ್ಲಾಂಟ್ ಕೆಟ್ಟು ಕೆಲ ಗಂಟೆ ನಿಂತರೆ ಹಳೆಯ ಪದರ ಗಟ್ಟಿಯಾಗಿ, ಹೊಸದು ಅದರ ಮೇಲೆ ಬರೀ ಕೂತಿರುತ್ತದೆ. ಸಾಮಾನ್ಯ ಕಟ್ಟಡದಲ್ಲಿ ಇಂಥ ಕೂಡನ್ನು ಹೇಗೋ ಸುಧಾರಿಸಬಹುದು. ಕೋಟಿ ಸಲ ಬಾಗುವ ತಳಪಾಯದಲ್ಲಿ ಅದೇ ಬಿರುಕಿನ ದಾರಿಯಾಗುತ್ತದೆ. ಎರಡನೆಯ ಪ್ಲಾಂಟನ್ನು ಸಿದ್ಧವಾಗಿ ಇಟ್ಟುಕೊಳ್ಳದೆ ಶುರು ಮಾಡುವ ಗುತ್ತಿಗೆದಾರರನ್ನು ತಡೆಯುವುದೇ ಸರಿ.

ತಳಪಾಯ ಸೋಲುತ್ತಿದೆ ಎಂದು ತಿಳಿಯುವುದು ಹೇಗೆ? ಪೆಡೆಸ್ಟಲ್ ಮೇಲೆ ನಾಲ್ಕು ದಿಕ್ಕಿಗೆ ಹಿತ್ತಾಳೆಯ ಗುರುತು ಕೂರಿಸಿ, ಗೋಪುರ ಏಳುವ ಮೊದಲೇ ಲೆವೆಲ್ ತೆಗೆದಿಟ್ಟುಕೊಳ್ಳಬೇಕು. ಎದ್ದ ಮೇಲೆ, ಮೊದಲ ಮಳೆಗಾಲ ಕಳೆದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ ಮತ್ತೆ ಅಳೆದರೆ ಯಾವ ಕಡೆ ಎಷ್ಟು ಕೂತಿದೆ ಎಂಬುದು ಮಿಲಿಮೀಟರಿನಲ್ಲಿ ಸಿಗುತ್ತದೆ. ಇನ್ನೂ ಚುರುಕಾದ ದಾರಿ ಗೋಪುರದ ಲಯವನ್ನೇ ಕೇಳುವುದು. ಒಂದು ಕಂಪನಮಾಪಕ ಇಟ್ಟರೆ ಸಾಕು. ಮೊದಲ ವರ್ಷ 0.26 ಹರ್ಟ್ಸ್ ಇದ್ದದ್ದು ಐದನೆಯ ವರ್ಷಕ್ಕೆ 0.24ಕ್ಕೆ ಇಳಿದಿದ್ದರೆ, ಮತ್ತು ಮೇಲಿನ ಯಂತ್ರದಲ್ಲಿ ಏನೂ ಬದಲಾಗಿಲ್ಲದಿದ್ದರೆ, ನಮ್ಮ ಲೆಕ್ಕದಂತೆ ತಳಪಾಯದ ಬಿಗಿತ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ ಎಂದರ್ಥ. ಇದು ಗೋಪುರದ ಬೆಸುಗೆಯಲ್ಲಿ ಬಿರುಕು ಕಾಣುವುದಕ್ಕೆ ಬಹಳ ಮೊದಲೇ ಸಿಗುವ ಸುಳಿವು. ಇಂಥ ಅಳತೆಯನ್ನು ಎಲ್ಲ ಯಂತ್ರಗಳಿಗೂ ಕಡ್ಡಾಯ ಮಾಡಬೇಕೆಂದು ನನ್ನ ಅಭಿಪ್ರಾಯ. ಇಡೀ ಯಂತ್ರದ ಬೆಲೆಯ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬಾರದು.

ಕೊನೆಗೆ, ಗಾಳಿಯಂತ್ರಕ್ಕೆ ಜಾಗ ಕೊಟ್ಟ ಹೊಲದವರಿಗೆ ಒಂದು ಮಾತು. ಗೋಪುರದ ಸುತ್ತ ಏರಿಸಿರುವ ಮಣ್ಣು ಯಾರೋ ಬಿಟ್ಟುಹೋದ ಗುಡ್ಡೆಯಂತೆ ಕಾಣುತ್ತದೆ. ಬದುವಿಗೋ ಅಂಗಳಕ್ಕೋ ಬೇಕೆಂದು ಅದನ್ನು ಒಂದೂವರೆ ಅಡಿಯಷ್ಟು, ಅರ್ಧ ಮೀಟರ್, ಕೆರೆದುಕೊಂಡರೆ ತಳಪಾಯದ ಮೇಲಿಂದ 257 ಟನ್ ತೂಕ ಹೋಗುತ್ತದೆ. ನಮ್ಮ ಉದಾಹರಣೆಯ ಯಂತ್ರಕ್ಕೆ ದಿನನಿತ್ಯದ ಗಾಳಿಯ ಸರಿತ ಆಗ 2.27ರಿಂದ 2.54 ಮೀಟರಿಗೆ ಏರುತ್ತದೆ, ಗಡಿ 2.5. ಗೋಪುರದಿಂದ ಹತ್ತು ಹನ್ನೆರಡು ಮೀಟರ್ ಒಳಗೆ ಮಣ್ಣು ತೆಗೆಯಬೇಡಿ, ಹೊಲದ ನೀರನ್ನು ಅದರ ಬುಡಕ್ಕೆ ತಿರುಗಿಸಬೇಡಿ. ಬುಡದಲ್ಲಿ ಬೂದು ರಾಡಿಯೋ, ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಹೊಸ ಸಂದೋ ಕಂಡರೆ ಫೋಟೊ ತೆಗೆದು ಸೈಟಿನ ಎಂಜಿನಿಯರ್‌ಗೆ ಅಂದೇ ಕಳಿಸಿ.